ಎರವಲು ಅಲಗಿನ ಲೆಕ್ಕ

ಆ ದಿನ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ, ಸಾಣೆ ಅಂಗಡಿಯ ಬಾಗಿಲಲ್ಲಿ ನಿಂತವರಿಗೆ ಬೀದಿಯ ಆಚೆ ಬದಿಯ ದೀಪದ ಕಂಬವೂ ಕಾಣುತ್ತಿರಲಿಲ್ಲ. ಕಬ್ಬಿಣದ ಬಾಗಿಲಿನ ಮೇಲೆಲ್ಲ ಸಣ್ಣ ಹನಿಗಳು ಕೂತಿದ್ದವು. ಸೊಸೆ ಬಾಗಿಲು ಎತ್ತಿ ಮೊದಲು ಮಾಡಿದ ಕೆಲಸ, ಗೋಡೆಗೆ ತೂಗುಹಾಕಿದ್ದ ಅಲಗುಗಳನ್ನೆಲ್ಲ ಒಣಬಟ್ಟೆಯಲ್ಲಿ ಒರೆಸಿದ್ದು. ಅಂಥ ಹವೆಗೆ ಉಕ್ಕು ಒಂದು ಗಂಟೆಯಲ್ಲಿ ಮುನಿಸಿಕೊಂಡು ತುಕ್ಕು ಹಿಡಿಯುತ್ತದೆ.

ಹಿಂದಿನ ಕೋಣೆಯಲ್ಲಿ ಮಾವ ದೇವರ ಮುಂದೆ ದೀಪ ಹಚ್ಚಲು ಕೂತಿದ್ದರು. ಒಂದು ಕಡ್ಡಿ ಗೀರಿದರು, ಆರಿತು. ಎರಡನೆಯದೂ ಆರಿತು. ಗಾಳಿ ಇರಲಿಲ್ಲ. ಸೊಸೆ ಒಳಗೆ ಹೋಗಿ ಅವರ ಮಣಿಕಟ್ಟಿಗೆ ಕೈಯಾನಿಸಿ ಹಿಡಿದಳು. ಮೂರನೆಯ ಕಡ್ಡಿಗೆ ದೀಪ ಹೊತ್ತಿಕೊಂಡಿತು.

"ಇವತ್ತೊಂದು ದಿನ ಇದು ಸುಮ್ಮನಿದ್ರೆ ಸಾಕಪ್ಪ" ಎಂದರು ಮಾವ. ದೇವರಿಗೆ ಹೇಳಿದ್ದೋ ಕೈಗೆ ಹೇಳಿದ್ದೋ ತಿಳಿಯಲಿಲ್ಲ.

ಊರಿಗೆಲ್ಲ ಅವರು ಸಾಣೆಯಣ್ಣ. ಎಪ್ಪತ್ತು ಮುಟ್ಟಿದರೂ ಅಣ್ಣನೇ. ದರ್ಜಿಗಳ ಕತ್ತರಿ, ಅಡುಗೆಮನೆಗಳ ಚಾಕು, ಮುದ್ರಣಾಲಯದ ಕಾಗದ ಕತ್ತರಿಸುವ ಉದ್ದ ಅಲಗು, ಎಲ್ಲವೂ ನಲವತ್ತು ವರ್ಷದಿಂದ ಆ ಅಂಗಡಿಗೆ ಮೊಂಡಾಗಿ ಬಂದು ಹರಿತವಾಗಿ ಹೋಗುತ್ತಿದ್ದವು. ಹೋಗುವಾಗ ಪ್ರತಿಯೊಂದಕ್ಕೂ ಹಳೇ ಬಟ್ಟೆಯ ಸುತ್ತು, ಅದರ ಮೇಲೊಂದು ಬಿಳಿ ದಾರದ ಗಂಟು. ಗಿರಾಕಿಯ ಅಲಗು ಸಾಣೆಯಲ್ಲಿರುವಾಗ ಅವನ ಕೆಲಸ ನಿಲ್ಲಬಾರದೆಂದು ಅಂಗಡಿಯದೇ ಒಂದು ಅಲಗನ್ನು ಎರವಲು ಕೊಡುವುದು ಅವರ ಪದ್ಧತಿ. ಅವುಗಳ ಹಿಡಿಗೆ ಹಸಿರು ಬಣ್ಣ. ಅದಕ್ಕೆ ಬಾಡಿಗೆ ಇಲ್ಲ, ಚೀಟಿ ಇಲ್ಲ. ವಾಪಸ್ಸು ಬಂದ ಮೇಲೆ ಅದನ್ನೂ ಒಮ್ಮೆ ಮಸೆದು ಗೋಡೆಗೆ ಹಾಕುವುದು.

ಈ ಅಂಗಡಿಯನ್ನು ಮಾರಬೇಕಾಗಿತ್ತು. ಮಗ ಆಸ್ಪತ್ರೆಯಲ್ಲಿ ಪಾಳಿಯ ಕೆಲಸದವನು. ಚಿಕ್ಕಂದಿನಿಂದ ಕಲ್ಲಿನ ಧೂಳು ಮೂಗಿಗೆ ಹೋದರೆ ಅವನಿಗೆ ಉಬ್ಬಸ. ಮಾವನ ಕೈ ಹದಿನಾಲ್ಕು ತಿಂಗಳಿಂದ ನಡುಗುತ್ತಿತ್ತು. ಅಂದಿನಿಂದ ನುಣುಪು ಕಲ್ಲಿನ ಕೆಲಸವನ್ನೆಲ್ಲ, ಅಂದರೆ ಅಲಗಿಗೆ ಕೊನೆಯ ಬಾಯಿ ಕೊಡುವ ಕೆಲಸವನ್ನೆಲ್ಲ, ಸೊಸೆ ಹಿಂದಿನ ಕೋಣೆಯಲ್ಲಿ ಕೂತು ಮಾಡುತ್ತಿದ್ದಳು. ಮುಂದೆ ಕುರ್ಚಿಯಲ್ಲಿ ಮಾವ. ಗಿರಾಕಿಗಳಿಗೆ ಇದು ಗೊತ್ತಿರಲಿಲ್ಲ.

ಮಾವ ಕೇಳುತ್ತಿದ್ದದ್ದು ಐವತ್ತು ಲಕ್ಷ. ಅದರಲ್ಲಿ ಮೂವತ್ತು ಮನೆಯ ಸಾಲಕ್ಕೆ ಮತ್ತು ಮುದಿ ವಯಸ್ಸಿಗೆ. ಉಳಿದ ಇಪ್ಪತ್ತು ಸೊಸೆಯದು. "ಏಳು ವರ್ಷ ದುಡಿದಿದ್ದೀಯ, ಒಂದು ಕಾಸು ಸಂಬಳ ಕೊಟ್ಟಿಲ್ಲ. ಅಂಗಡಿ ಹೋದ ದಿನ ಇಪ್ಪತ್ತು ನಿನ್ನ ಹೆಸರಿಗೆ" ಎಂದು ದೇವರ ಮುಂದೆಯೇ ಮಾತು ಕೊಟ್ಟಿದ್ದರು. ಆ ಹಣದಲ್ಲಿ ಅವಳಿಗೊಂದು ಸ್ವಂತದ ಬದುಕು ಕಟ್ಟಿಕೊಳ್ಳುವ ಆಸೆಯಿತ್ತು. ಎಂಥದ್ದು ಎಂದು ಇನ್ನೂ ಯಾರಿಗೂ ಹೇಳಿರಲಿಲ್ಲ.

ಕೊಳ್ಳಲು ಬಂದವಳು ಯಂತ್ರದಕ್ಕ. ಹೊಲಿಗೆ ಯಂತ್ರ, ಕಾಗದ ಕತ್ತರಿಸುವ ಯಂತ್ರ ಮಾರುವ ಎರಡು ದೊಡ್ಡ ಅಂಗಡಿಗಳ ಒಡತಿ. ಹತ್ತು ಗಂಟೆಗೆ ಮಂಜಿನೊಳಗಿಂದ ಅವಳು ಮತ್ತು ಅವಳ ಆಡಿಟರ್ ಹಿಂದಿನ ಕೋಣೆಗೆ ಬಂದರು. ಇದು ಮೂರನೆಯ ಮಾತುಕತೆ. ಹಿಂದಿನ ಎರಡೂ ಮುರಿದಿದ್ದವು.

"ಮೂವತ್ತು" ಎಂದಳು ಯಂತ್ರದಕ್ಕ, ಕೂರುವ ಮೊದಲೇ.

"ಬಂದಿದ್ದು ಮಂಜಲ್ಲಿ, ದಾರಿ ತಪ್ಪಿ ಮತ್ತೆ ಹಳೇ ಜಾಗಕ್ಕೇ ಬಂದು ನಿಂತಿದ್ದೀಯಲ್ಲಮ್ಮ" ಎಂದರು ಮಾವ.

ಆಡಿಟರ್ ನಕ್ಕ, ಯಂತ್ರದಕ್ಕ ನಗಲಿಲ್ಲ. ಆಡಿಟರ್ ಕಾಗದ ಬಿಡಿಸಿದ. "ಸಾಣೆಯಣ್ಣ, ನಮ್ಮಿಬ್ಬರ ಲೆಕ್ಕದ ದಾರಿ ಒಂದೇ. ವರ್ಷದ ಲಾಭಕ್ಕೆ ನಾಲ್ಕು ಪಟ್ಟು. ನೀವು ಹೇಳೋ ಲಾಭ ಹನ್ನೆರಡೂವರೆ ಲಕ್ಷ, ಅದಕ್ಕೇ ಐವತ್ತು ಅಂತೀರಿ. ಆದರೆ ಅದರಲ್ಲಿ ನಿಮ್ಮ ಸಂಬಳ ಇಲ್ಲ, ನಿಮ್ಮ ಸೊಸೆ ಸಂಬಳ ಇಲ್ಲ. ನಾಳೆ ಇಲ್ಲಿ ಇಬ್ಬರು ಕೆಲಸಗಾರರನ್ನ ಇಟ್ಟರೆ ವರ್ಷಕ್ಕೆ ಐದು ಲಕ್ಷ ಹೋಯ್ತು. ಉಳಿಯೋದು ಏಳೂವರೆ. ನಾಲ್ಕು ಪಟ್ಟು ಮೂವತ್ತು."

ಸೊಸೆ ಬಾಗಿಲ ಬಳಿ ನಿಂತು ಕೇಳಿಸಿಕೊಂಡಳು. ತನಗೆ ಕೊಡದ ಸಂಬಳ, ತನಗೆ ಬರಬೇಕಾದ ಹಣವನ್ನೇ ನುಂಗಿ ಕೂತಿದೆ. ಲೆಕ್ಕ ಸರಿಯಾಗಿಯೇ ಇತ್ತು. 

"ಆರು ವರ್ಷದಿಂದ ನಾನು ದರ ಏರಿಸಿಲ್ಲ" ಎಂದರು ಮಾವ. "ನೀನು ತಗೊಂಡ ಮರುದಿನವೇ ಏರಿಸ್ತೀಯ. ಆ ಲಾಭ ಯಾರ ಗಿರಾಕಿಗಳಿಂದ ಬಂತು?"

"ಗಿರಾಕಿಗಳು ಉಳಿದರೆ ತಾನೇ ಅಣ್ಣ?" ಯಂತ್ರದಕ್ಕ ಮುಂದಕ್ಕೆ ಬಾಗಿದಳು. "ಉಳಿದರೆ ಇದು ಐವತ್ತಕ್ಕೂ ಬೆಲೆ ಬಾಳುತ್ತೆ, ಇಲ್ಲ ಅನ್ನಲ್ಲ. ಹೋದರೆ ಮೂವತ್ತೂ ದಂಡ. ಜನ ಬರೋದು ನಿಮ್ಮ ಕೈಗೆ. ಕೈಯನ್ನ ರಿಜಿಸ್ಟರ್ ಮಾಡಿಸಿಕೊಳ್ಳೋಕಾಗುತ್ತಾ?" ಎನ್ನುತ್ತ ಚೀಲದಿಂದ ಒಂದು ದರ್ಜಿ ಕತ್ತರಿ ತೆಗೆದು ಮೇಜಿನ ಮೇಲಿಟ್ಟಳು. "ನಮ್ಮಮ್ಮನದು. ಒಂದು ಸಲ ನನ್ನ ಕಣ್ಣೆದುರಿಗೇ ಸಾಣೆ ಹಿಡಿದುಕೊಡಿ. ಏನನ್ನ ಕೊಳ್ತಿದ್ದೀನಿ ಅಂತ ನೋಡ್ತೀನಿ."

 ಮಾವ ಎದ್ದು ಕಲ್ಲಿನ ಮುಂದೆ ಕೂತರು. ನೀರು ಚಿಮುಕಿಸಿದರು. ಕತ್ತರಿ ಬಿಚ್ಚಿ ಒಂದು ಅಲಗನ್ನು ಕಲ್ಲಿನ ಮೇಲಿಟ್ಟರು. ಉಕ್ಕು ಕಲ್ಲಿಗೆ ಬಡಿದು ಟಕ ಟಕ ಟಕ ಎಂದಿತು. ಕೈ ಎತ್ತಿ ಮತ್ತೆ ಇಟ್ಟರು. ಮತ್ತೆ ಅದೇ ಸದ್ದು. ಸಣ್ಣ ಸದ್ದು, ಕೋಣೆಯ ತುಂಬ ಅದೇ.

ಸೊಸೆ ಹೋಗಿ ಅವರ ಕೈಯಿಂದ ಅಲಗು ತೆಗೆದುಕೊಂಡಳು. "ಏಳಿ ಮಾವ."

"ಸುಮ್ಮನಿರು."

"ಏಳಿ ಅಂದೆ."

ಅವಳು ಎಡಗೈಯವಳು. ಕಲ್ಲಿನ ಎಡಕ್ಕೆ ಸರಿದು ಕೂತು, ಅಲಗನ್ನು ಒರಗಿಸಿ, ಉಸಿರು ಬಿಡುತ್ತ ಎಳೆದಳು. ಕಾಗದದ ಮೇಲೆ ರೇಷ್ಮೆ ಜಾರಿದ ಹಾಗೆ ಸದ್ದು. ಹದಿನೈದು ನಿಮಿಷ ಎರಡೂ ಅಲಗುಗಳನ್ನು ಹಾಗೇ ಎಳೆದಳು. ಕತ್ತರಿ ಜೋಡಿಸಿ, ಒದ್ದೆ ಮಾಡಿದ ತೆಳು ಬಟ್ಟೆಯೊಂದನ್ನು ತುದಿಯಿಂದ ಕತ್ತರಿಸಿ ತೋರಿಸಿ, ಸುತ್ತಿ, ದಾರ ಕಟ್ಟಿ ಮೇಜಿನ ಮೇಲಿಟ್ಟಳು.

"ಎಷ್ಟು ದಿನದಿಂದ?" ಎಂದಳು ಯಂತ್ರದಕ್ಕ.

"ಹದಿನಾಲ್ಕು ತಿಂಗಳು" ಎಂದಳು ಸೊಸೆ. "ಒಂದು ಅಲಗೂ ಸರಿಯಾಗಿಲ್ಲ ಅಂತ ವಾಪಸ್ಸು ಬಂದಿಲ್ಲ. ಚೀಟಿಗಳಿವೆ, ಎಣಿಸಿಕೊಳ್ಳಿ. ಹೋದ ವರ್ಷ ಹನ್ನೆರಡೂವರೆ ಸಾವಿರ ಪೀಸು."

ಮಾವ ಗೋಡೆಯ ಕಡೆ ಮುಖ ಮಾಡಿದ್ದರು. ಮಾನ ಹೋದವರ ಬೆನ್ನು ಹೇಗಿರುತ್ತದೆಂದು ಅವಳು ಅಂದು ನೋಡಿದಳು.

ಆಡಿಟರ್ ಗಂಟಲು ಸರಿಮಾಡಿಕೊಂಡ. "ಅಕ್ಕಾ, ಇದು ನಮಗೆ ಒಳ್ಳೇದೇ. ಕೈ ಬದಲಾದರೂ ಗಿರಾಕಿ ಉಳಿದಿದ್ದಾರೆ."

"ಕೈ ಬದಲಾಗಿದ್ದು ಗೊತ್ತಿಲ್ಲದ ಗಿರಾಕಿ" ಎಂದಳು ಯಂತ್ರದಕ್ಕ. ಕತ್ತರಿಯ ಮೇಲಿನ ದಾರದ ಗಂಟನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಆಮೇಲೆ ಹೇಳಿದಳು: "ಮುಚ್ಚಿಟ್ಟು ಮಾರಬಹುದಿತ್ತು. ಇವತ್ತೇ ತೋರಿಸಿದಿರಿ. ಸರಿ, ಈಗ ನನ್ನ ಮಾತು ಕೇಳಿ. ಗಿರಾಕಿಗಳು ಇರ್ತಾರೆ ಅಂತ ನೀವಂತೀರಿ, ಹೋಗ್ತಾರೆ ಅಂತ ನಾನಂತೀನಿ. ಯಾರು ಸರಿ ಅಂತ ಇವತ್ತು ದೇವರಿಗೆ ಮಾತ್ರ ಗೊತ್ತು. ಹಾಗಾದ್ರೆ ಎರಡು ವರ್ಷ ಕಾಯೋಣ. ಮೂವತ್ತು ಇವತ್ತೇ. ಇಪ್ಪತ್ತು ಮುಂದೆ, ವರ್ಷಕ್ಕೆ ಹತ್ತರ ಹಾಗೆ, ಗಿರಾಕಿ ಉಳಿದಷ್ಟಕ್ಕೆ."

ಆಮೇಲಿನ ನಾಲ್ಕು ಗಂಟೆ ಆ ಕೋಣೆಯಲ್ಲಿ ನಡೆದದ್ದು ಒಂಥರಾ ಕುಸ್ತಿಯೇ. ಮೈ ಮುಟ್ಟಲಿಲ್ಲ, ಅಷ್ಟೇ.

"ಲಾಭ ನೋಡಿ ಕೊಡ್ತೀನಿ ಅಂದ್ರೆ ಒಪ್ಪಲ್ಲ" ಎಂದಳು ಸೊಸೆ. ಮಾವ ಮಾತು ನಿಲ್ಲಿಸಿದ್ದರು. ಈಗ ಅವಳೇ ಆಡುತ್ತಿದ್ದಳು. "ನಿಮ್ಮ ಇನ್ನೆರಡು ಅಂಗಡಿಗಳ ಖರ್ಚನ್ನೂ ಇಲ್ಲಿಗೆ ಹಾಕಿಬಿಟ್ಟರೆ ಲಾಭ ಎಲ್ಲಿ ಕಾಣುತ್ತೆ?"

"ವ್ಯಾಪಾರದ ಹಣ ನೋಡೋಣ ಅಂದ್ರೆ ನಾನು ಒಪ್ಪಲ್ಲ" ಎಂದಳು ಯಂತ್ರದಕ್ಕ. "ದರ ಏರಿಸಿದ್ದು ನಾನು, ಅದರಿಂದ ತುಂಬಿದ್ದಕ್ಕೆ ನಿಮಗ್ಯಾಕೆ ಕೊಡ್ಲಿ?"

ಕೊನೆಗೆ ಪೀಸು ಎಣಿಸುವುದೆಂದಾಯಿತು. ನಲವತ್ತೆರಡು ಹಳೇ ಗಿರಾಕಿಗಳ ಪಟ್ಟಿ. ಅವರ ಪೀಸು ಮಾತ್ರ. ಹೋದ ವರ್ಷದ ಚೀಟಿಗಳ ಹನ್ನೆರಡೂವರೆ ಸಾವಿರವೇ ಅಳತೆ. ಅದರಲ್ಲಿ ನೂರಕ್ಕೆ ತೊಂಬತ್ತು, ಅಂದರೆ ಹನ್ನೊಂದು ಸಾವಿರದ ಇನ್ನೂರೈವತ್ತು ಪೀಸು ಬಂದರೆ ಆ ವರ್ಷದ ಹತ್ತು ಲಕ್ಷ ಪೂರ್ತಿ. ನೂರಕ್ಕೆ ಎಪ್ಪತ್ತು, ಎಂಟು ಸಾವಿರದ ಏಳುನೂರೈವತ್ತಕ್ಕೆ ಇಳಿದರೆ ಏನೂ ಇಲ್ಲ. ನಡುವೆ ನಿಂತರೆ ಕಡಿಮೆಯಾದ ಒಂದೊಂದು ಪೀಸಿಗೂ ನಾನೂರರ ಹಾಗೆ ಕಡಿತ.

"ನೀವು ದರ ದಿಢೀರಂತ ಏರಿಸಿ ಜನ ಓಡಿದರೆ?" ಎಂದಳು ಸೊಸೆ. ಎರಡು ವರ್ಷ, ವರ್ಷಕ್ಕೆ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಏರಿಸಬಾರದೆಂದು ಬರೆದರು. "ಗಿರಾಕಿಯೇ ಬಾಗಿಲು ಹಾಕಿಕೊಂಡರೆ?" ಎಂದ ಆಡಿಟರ್. ಅದು ಯಾರ ತಪ್ಪೂ ಅಲ್ಲ. ಹೋದ ಪೀಸಿನಲ್ಲಿ ಅರ್ಧ ಬಂದಂತೆ, ಅರ್ಧ ಹೋದಂತೆ ಲೆಕ್ಕ. ನಷ್ಟ ಇಬ್ಬರಿಗೂ ಸಮ. ಆಯಾ ವರ್ಷದ ಹತ್ತು ಲಕ್ಷವನ್ನು ವರ್ಷದ ಮೊದಲ ದಿನವೇ ಬ್ಯಾಂಕಿನಲ್ಲಿ ಇಡಬೇಕು; ಇಬ್ಬರ ಸಹಿ ಇಲ್ಲದೆ ಯಾರೂ ಮುಟ್ಟುವಂತಿಲ್ಲ. ಸೊಸೆ ಎರಡು ವರ್ಷ ಕಲ್ಲಿನ ಮುಂದೆ ಇರಬೇಕು, ಇಬ್ಬರಿಗೆ ಕಲಿಸಬೇಕು. ಅದಕ್ಕೆ ಸಂಬಳ ಬೇರೆ. ಅದು ಬೆಲೆಯಲ್ಲಿ ಸೇರುವುದಿಲ್ಲ.

"ಸಂಬಳ" ಎಂದಳು ಸೊಸೆ, ಆ ಮಾತನ್ನು ನಾಲಿಗೆಯಲ್ಲಿ ಒಮ್ಮೆ ಹೊರಳಿಸಿ ನೋಡುವಂತೆ.

"ಒಂದು ಮಾತು" ಎಂದಳು ಯಂತ್ರದಕ್ಕ. "ಹಿಂದಿನ ಕೋಣೆ ಬೇಡ. ಕಲ್ಲು ಮುಂದಕ್ಕೆ ಬರುತ್ತೆ. ನಾನು ಕದ್ದುಮುಚ್ಚಿ ವ್ಯಾಪಾರ ಮಾಡಲ್ಲ."

ಮಾವ ಸಹಿ ಹಾಕಿದರು. ನಡುಗಿದ ಸಹಿ, ಬ್ಯಾಂಕಿನವರು ಹಳೆಯ ಸಹಿಗೆ ಹೋಲುವುದಿಲ್ಲವೆಂದು ಎರಡು ಸಲ ಹಾಕಿಸಿಕೊಂಡರು.

*

ಕಲ್ಲು ಮುಂದಕ್ಕೆ ಬಂದ ಮೂರನೇ ವಾರ ಪ್ರೆಸ್ಸಿನ ಯಜಮಾನ ಬಂದ. ಪಟ್ಟಿಯಲ್ಲಿ ಎಲ್ಲರಿಗಿಂತ ದೊಡ್ಡ ಗಿರಾಕಿ; ಉದ್ದ ಅಲಗು, ರಟ್ಟಿನ ಚಾಕು, ಕತ್ತರಿ ಎಲ್ಲ ಸೇರಿ ವರ್ಷಕ್ಕೆ ಒಂಬೈನೂರು ಪೀಸು. ಬಟ್ಟೆಯಲ್ಲಿ ಸುತ್ತಿದ ಅಲಗನ್ನು ಹೆಗಲ ಮೇಲಿಟ್ಟುಕೊಂಡವನು ಬಾಗಿಲಲ್ಲೇ ನಿಂತ.

"ಸಾಣೆಯಣ್ಣ ಎಲ್ಲಿ?"

"ಮನೇಲಿದ್ದಾರೆ ಸಾರ್. ಕೊಡಿ, ಸಂಜೆಗೆ ಆಗುತ್ತೆ" ಎಂದಳು ಸೊಸೆ.

"ಯಾರು ಹಿಡಿಯೋದು?"

"ನಾನೇ."

ಅವನು ಕಲ್ಲನ್ನು ನೋಡಿದ, ಅವಳನ್ನು ನೋಡಿದ, ಅವಳ ಎಡಗೈ ನೋಡಿದ. "ಅಮ್ಮಾ, ಇದು ತರಕಾರಿ ಹೆಚ್ಚೋ ಚಾಕು ಅಲ್ಲ. ಒಂದು ಕೂದಲೆಳೆ ಓರೆಯಾದರೆ ನನ್ನ ಐನೂರು ಪುಸ್ತಕ ರದ್ದಿಗೆ ಹೋಗುತ್ತೆ" ಎಂದು ಅಲಗನ್ನು ಹೆಗಲಿಂದ ಇಳಿಸದೆಯೇ ತಿರುಗಿ ಹೋದ. ಅವನ ಹಿಂದೆಯೇ ಆ ವಾರ ರಟ್ಟಿನ ಪೆಟ್ಟಿಗೆಯವನು ಹೋದ. ಅವನ ಮಾತು ಕೇಳಿ ಬೈಂಡಿಂಗಿನ ಇಬ್ಬರು ಅಣ್ಣತಮ್ಮಂದಿರು ಹೋದರು. ಬಚ್ಚಿಟ್ಟುಕೊಂಡಿದ್ದಾಗ ಒಂದು ಅಲಗೂ ತಿರುಗಿ ಬಾರದ ಕೈ, ಬೆಳಕಿಗೆ ಬಂದ ಕೂಡಲೇ ಅನುಮಾನದ ಕೈಯಾಯಿತು.

ತಿಂಗಳ ಕೊನೆಗೆ ಯಂತ್ರದಕ್ಕ ತಾನು ಅಂಗಡಿಗೆ ಹೊಸದಾಗಿ ಹಾಕಿಸಿದ್ದ ಕಂಪ್ಯೂಟರಿನ ಪಟ್ಟಿ ತಂದು ತೋರಿಸಿದಳು. ಹೀಗೇ ಹೋದರೆ ವರ್ಷಕ್ಕೆ ಒಂಬತ್ತು ಸಾವಿರ ದಾಟಿದರೆ ಹೆಚ್ಚು. ಸೊಸೆ ಮನಸ್ಸಿನಲ್ಲೇ ಗುಣಿಸಿದಳು. ಹತ್ತು ಲಕ್ಷದಲ್ಲಿ ಒಂದು ಉಳಿದರೆ ಪುಣ್ಯ.

"ನಿಮಗೆ ಸಂತೋಷವೇ ಅಲ್ವಾ ಅಕ್ಕ? ಹಣ ಉಳಿಯುತ್ತೆ."

"ಹುಚ್ಚಿ" ಎಂದಳು ಯಂತ್ರದಕ್ಕ, ಕಣ್ಣು ಕೆಂಪಾಗಿತ್ತು. "ಒಂಬತ್ತು ಉಳಿಸಿಕೊಂಡು ಮೂವತ್ತು ಮುಳುಗಿಸ್ತೀನಾ? ನೀನು ಬಿದ್ದರೆ ನಾನೂ ಬೀಳ್ತೀನಿ. ಅದಕ್ಕೇ ತಾನೇ ಇಬ್ಬರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದು?"

ಆ ದಿನ ಊಟಕ್ಕೆ ಕೂತಾಗ ಮಾವ ಕೇಳಿದರು. ಅವಳು ಇದ್ದದ್ದನ್ನು ಹೇಳಿದಳು. ಅವರು ತುತ್ತು ಕೆಳಗಿಟ್ಟರು.

"ನಾನು ಬಂದು ಕುರ್ಚಿಯಲ್ಲಿ ಕೂತುಬಿಡ್ತೀನಮ್ಮ. ಕಲ್ಲು ಮತ್ತೆ ಹಿಂದಕ್ಕೆ ಹಾಕಿಸು. ಎರಡು ವರ್ಷ ತಾನೇ? ನಾನು ಮೀಸೆ ತಿರುವುತ್ತ ಕೂತರೆ ಸಾಕು, ಜನ ಬರ್ತಾರೆ."

ಒಂದು ಕ್ಷಣ ಅವಳಿಗೆ ಅದೇ ಸರಿ ಎನಿಸಿತು. ಇಪ್ಪತ್ತು ಲಕ್ಷ ಒಂದು ಕುರ್ಚಿಯಷ್ಟೇ ದೂರದಲ್ಲಿತ್ತು.

"ಆಮೇಲೆ ಮೂರನೇ ವರ್ಷ?" ಎಂದಳು. "ಕುರ್ಚಿ ಖಾಲಿಯಾದ ದಿನ ಜನ ಹೋಗ್ತಾರೆ. ನಮ್ಮ ಹಣ ನಮಗೆ ಬಂದಿರುತ್ತೆ, ಅಂಗಡಿ ಆಕೆ ತಲೆ ಮೇಲೆ ಬಿದ್ದಿರುತ್ತೆ. ಅದು ಆಗಲ್ಲ ಮಾವ."

 ಮರುದಿನ ಬೆಳಿಗ್ಗೆ ಮಾವ ದೀಪದ ಮುಂದೆ ಎಂದಿಗಿಂತ ಹೆಚ್ಚು ಹೊತ್ತು ಕೂತರು. ಆಮೇಲೆ ಅಂಗಿ ಹಾಕಿಕೊಂಡರು. ಗುಂಡಿಗಳನ್ನು ಸೊಸೆಯೇ ಹಾಕಿದಳು. "ಪ್ರೆಸ್ಸಿಗೆ ಹೋಗ್ಬೇಕು, ನೀನೂ ಬಾ" ಎಂದರು.

ಪ್ರೆಸ್ಸಿನಲ್ಲಿ ಯಂತ್ರಗಳ ಗದ್ದಲ, ಶಾಯಿಯ ವಾಸನೆ. ಯಜಮಾನ ಕುರ್ಚಿ ಎಳೆದು ಕೊಟ್ಟ. "ಬನ್ನಿ ಬನ್ನಿ ಅಣ್ಣ! ಬೇರೆ ಕಡೆ ಕೊಟ್ಟಿದ್ದೀನಿ, ತಪ್ಪು ತಿಳೀಬೇಡಿ. ನಿಮ್ಮ ಕೈ ಇಲ್ಲದ ಮೇಲೆ…"

"ನೀನು ದಾರ ಕೂಡಿಡ್ತೀಯಲ್ಲಪ್ಪ, ಜಿಪುಣ" ಎಂದರು ಮಾವ. "ನಾನು ಕಟ್ಟಿ ಕಳಿಸಿದ ದಾರ. ಎಲ್ಲಿದೆ?"

ಪ್ರೆಸ್ಸಿನವನು ನಕ್ಕ. ನಿಜಕ್ಕೂ ಕೂಡಿಡುತ್ತಿದ್ದ, ಕಟ್ಟುಗಳನ್ನು ಬಿಗಿಯಲು ಬರುತ್ತದೆಂದು, ಗಂಟು ಬಿಚ್ಚದೆ ಹಾಗೇ ಜಾರಿಸಿ ತೆಗೆದು ಗೋಡೆಯ ಮೊಳೆಗೆ ಒಂದರ ಮೇಲೊಂದು ಹಾಕುತ್ತಿದ್ದ. ಮೊಳೆಯ ತುಂಬ ಬಿಳಿ ಬಳೆಗಳ ಹಾಗೆ ದಾರಗಳು.

"ತಳದಲ್ಲಿರೋದು ಒಂದು ತೆಗೆ. ಮೇಲಿರೋದು ಒಂದು ತೆಗೆ. ಗಂಟು ನೋಡು."

ಯಜಮಾನ ಎರಡನ್ನೂ ಅಂಗೈಯಲ್ಲಿಟ್ಟು ನೋಡಿದ. ತಳದ ಗಂಟಿನ ಬಾಲ ಬಲಕ್ಕೆ. ಮೇಲಿನದರ ಬಾಲ ಎಡಕ್ಕೆ. ಇನ್ನೊಂದು ತೆಗೆದ. ಎಡಕ್ಕೆ. ಇನ್ನೊಂದು. ಅದೂ ಎಡಕ್ಕೆ. ಮೊಳೆಯ ಮುಕ್ಕಾಲು ಪಾಲು ಎಡ ಬಾಲದ ಗಂಟು.

"ಬಲ ಬಾಲ ನನ್ನದು" ಎಂದರು ಮಾವ. "ಎಡದ್ದು ಇವಳದು. ಅಲಗು ಹಿಡಿದವರೇ ಗಂಟು ಕಟ್ಟೋದು ನಮ್ಮಲ್ಲಿ ಪದ್ಧತಿ. ಹದಿನಾಲ್ಕು ತಿಂಗಳು ನಿನ್ನ ಪುಸ್ತಕ ಕತ್ತರಿಸಿದ್ದು ಇವಳ ಕೈ. ಎಷ್ಟು ರದ್ದಿಗೆ ಹೋಯ್ತು, ಹೇಳು." ಎನ್ನುತ್ತ ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು. ಕೈಗಳು ನಡುಗಿದವು. ಕೆಲಸಗಾರರು ನೋಡುತ್ತಿದ್ದರು. ಮಾವ ಕೈ ಹಿಂದೆಗೆಯಲಿಲ್ಲ. "ನೋಡ್ಕೋ. ಇದನ್ನ ಮುಚ್ಚಿಟ್ಟು ನಿನಗೆ ಮೋಸ ಮಾಡಿದವನು ನಾನು. ಇವಳಲ್ಲ."

ಪ್ರೆಸ್ಸಿನ ಯಜಮಾನ ದಾರಗಳನ್ನು ಬೆರಳಲ್ಲಿ ಹೊರಳಿಸಿದ. "ಮುದುಕ" ಎಂದ ಕೊನೆಗೆ, "ನನ್ನ ದಾರದಲ್ಲೇ ನನ್ನನ್ನ ಕಟ್ಟಿ ಹಾಕಿದೆಯಲ್ಲ."

ಮರುದಿನ ಅವನ ಅಲಗು ಬಂತು. ಹಿಂದೆ ರಟ್ಟಿನ ಪೆಟ್ಟಿಗೆಯವನು. ಬೈಂಡಿಂಗಿನ ಅಣ್ಣ ಬಂದ, ತಮ್ಮ ಬರಲಿಲ್ಲ.

*

ಆದರೂ ಆ ವರ್ಷ ಜೀವ ಕೈಯಲ್ಲಿ ಹಿಡಿದುಕೊಂಡೇ ಕಳೆಯಿತು. ಏಳನೇ ತಿಂಗಳಲ್ಲಿ ಸಿದ್ಧ ಉಡುಪಿನ ಕಾರ್ಖಾನೆಯೊಂದು ಬಾಗಿಲು ಹಾಕಿತು. ನಾನೂರು ಪೀಸು ಹೋಯಿತು, ಒಪ್ಪಂದದಂತೆ ಇನ್ನೂರು ಬಂದ ಲೆಕ್ಕ. ಕೊನೆಯ ತಿಂಗಳು ಯಂತ್ರದಕ್ಕನೂ ಸೊಸೆಯೂ ಪರಸ್ಪರ ಮುಖ ನೋಡುವ ಮೊದಲು ಕಂಪ್ಯೂಟರ್ ನೋಡುತ್ತಿದ್ದರು.

ವರ್ಷದ ಕೊನೆಯ ಸಂಜೆ ಆಡಿಟರ್ ಎಣಿಕೆ ಮುಗಿಸಿದ. ಹನ್ನೊಂದು ಸಾವಿರದ ಮುನ್ನೂರ ಹತ್ತು. ಗಡಿ ದಾಟಿ ಅರವತ್ತು ಹೆಚ್ಚು.

ಯಂತ್ರದಕ್ಕ ಸಹಿ ಹಾಕಿದಳು. "ಪೂರ್ತಿ ಹತ್ತು. ನಾನು ಸೋತೆ, ಸೋತು ಗೆದ್ದೆ" ಎಂದು ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟಳು. ಎರಡು ದಿನದಲ್ಲಿ ಹಣ ಮಾವನ ಖಾತೆಗೆ, ಅಲ್ಲಿಂದ ಅದೇ ದಿನ ಸೊಸೆಯ ಖಾತೆಗೆ ಹೋಯಿತು. ಅವಳು ಪಾಸ್‌ಬುಕ್ಕನ್ನು ದೇವರ ಮುಂದಿಟ್ಟಳು. ಅಂದು ಮೊದಲ ಸಲ ಗಂಡನಿಗೆ ಹೇಳಿದಳು: ಕತ್ತರಿ, ಚಾಕು ಮಾಡುವ ಒಂದು ಸಣ್ಣ ಕುಲುಮೆ. ಮೊಂಡಾದದ್ದನ್ನು ಹರಿತ ಮಾಡಿದ್ದು ಸಾಕು, ಹೊಸದನ್ನೇ ಹುಟ್ಟಿಸಬೇಕು. ಕುಲುಮೆಗೆ ಒಂಬತ್ತು ಬೇಕು, ಜಾಗವೂ ನೋಡಿಯಾಗಿತ್ತು.

ಮರುದಿನ ಅಂಗಡಿಯಲ್ಲಿ, ವಾಪಸ್ಸು ಬಂದಿದ್ದ ಒಂದು ಎರವಲು ಚಾಕುವನ್ನು ಮಸೆಯಲು ಕೈಗೆತ್ತಿಕೊಂಡಳು. ಹಸಿರು ಹಿಡಿ. ಅದರ ಮೇಲೆ ಅಂಟಿಸಿದ್ದ ಒಂದು ಸಣ್ಣ ಬಿಳಿ ಚೀಟಿ ಬೆರಳಿಗೆ ತಾಗಿತು; ಚೀಟಿಯಲ್ಲಿ ಕಂಪ್ಯೂಟರಿನ ಸಂಖ್ಯೆ, ಮೇಲೆ ಗಿರಾಕಿಯ ಹೆಸರು.

"ಇದಕ್ಕೂ ಚೀಟಿ ಅಂಟಿಸ್ತೀಯಾ?" ಎಂದಳು ಕೌಂಟರಿನ ಹುಡುಗಿಗೆ.

"ಬಾಗಿಲೊಳಗೆ ಬಂದಿದ್ದಕ್ಕೆಲ್ಲ ಅಂಟಿಸ್ಬೇಕು ಅಂದಿದ್ದಾರಲ್ಲ ಅಕ್ಕ. ಮೊದಲಿಂದಲೂ."

ಸೊಸೆಯ ಕೈ ಕಲ್ಲಿನ ಮೇಲೆ ಹಾಗೇ ನಿಂತಿತು. ಮಾವನ ಕಾಲದಲ್ಲಿ ಎರವಲಿಗೆ ಚೀಟಿಯೇ ಇರಲಿಲ್ಲ. ಹಾಗಾಗಿ ಹಳೇ ಹನ್ನೆರಡೂವರೆ ಸಾವಿರದಲ್ಲಿ ಒಂದೂ ಎರವಲು ಇಲ್ಲ. ಹೊಸ ಎಣಿಕೆಯಲ್ಲಿ ಪ್ರತಿಯೊಂದು ಎರವಲೂ ಇದೆ. ಅಳತೆಯ ಪಾತ್ರೆ ಒಂದು, ಅಳೆದ ಪಾತ್ರೆ ಇನ್ನೊಂದು.

ಊಟದ ಬಿಡುವಿನಲ್ಲಿ ಕಂಪ್ಯೂಟರಿನ ಮುಂದೆ ಕೂತಳು. ದರದ ಜಾಗದಲ್ಲಿ ಸೊನ್ನೆ ಇದ್ದ ಪೀಸುಗಳನ್ನೆಲ್ಲ ಹುಡುಗಿಯ ಕೈಯಲ್ಲಿ ತೆಗೆಸಿದಳು. ಐನೂರ ಅರವತ್ತು.

ಹನ್ನೊಂದು ಸಾವಿರದ ಮುನ್ನೂರ ಹತ್ತರಲ್ಲಿ ಅದನ್ನು ಕಳೆದರೆ ಹತ್ತು ಸಾವಿರದ ಏಳುನೂರೈವತ್ತು. ಗಡಿಗೆ ಐನೂರು ಕಡಿಮೆ. ಪೀಸಿಗೆ ನಾನೂರು. ಎರಡು ಲಕ್ಷ.

ಕುಲುಮೆಗೆ ಬೇಕಾದದ್ದು ಒಂಬತ್ತು. ಉಳಿಯುವುದು ಎಂಟು.

ಸಂಜೆ ಮನೆಯಲ್ಲಿ ಹೇಳಿದಾಗ ಗಂಡ ಮೊದಲು ನಂಬಲಿಲ್ಲ, ಆಮೇಲೆ ಸಿಟ್ಟಾದ. "ಕಂಪ್ಯೂಟರ್ ಅವರದು, ಹುಡುಗಿ ಅವರ ಸಂಬಳದವಳು, ಎಣಿಸಿದ್ದು ಅವರ ಆಡಿಟರ್. ಅವರೇ ಸಹಿ ಹಾಕಿ ಕೊಟ್ಟಿದ್ದಾರೆ. ನೀನೇನು ಕದ್ದಿದ್ದೀಯಾ?"

"ಇಲ್ಲ."

"ಮತ್ತೆ?"

"ಪಟ್ಟಿಯಲ್ಲಿ ಬರೆದಿರೋದು ಗಿರಾಕಿಯ ಪೀಸು ಅಂತ. ಎರವಲು ಅಲಗು ಗಿರಾಕಿಯದಲ್ಲ, ಅಂಗಡಿದು. ಅಂಗಡಿ ತನ್ನ ಅಲಗನ್ನ ತಾನೇ ಹಿಡಿದುಕೊಂಡರೆ ಅದನ್ನ ವ್ಯಾಪಾರ ಅಂತಾರಾ?"

"ಯಾರಿಗೂ ಗೊತ್ತಾಗಲ್ಲ. ಮುಂದಿನ ವರ್ಷದ ಎಣಿಕೆಗೂ ಇದು ಕಡಿಮೆಯಾಗುತ್ತೆ, ಗೊತ್ತಾ? ಎರಡು ಸಲ ಕಳ್ಕೋತೀಯ."

ಅವಳಿಗೆ ಗೊತ್ತಿತ್ತು. ಅದನ್ನೂ ಗುಣಿಸಿ ನೋಡಿದ್ದಳು. ಮಾವನ ಕಡೆ ತಿರುಗಿದಳು. ಏನಾದರೂ ಹೇಳಲಿ ಎಂದು, ಬೇಡ ಎನ್ನಲಿ ಎಂದು ಒಳಗೊಳಗೇ ಒಂದಿಷ್ಟು ಆಸೆಯೂ ಇತ್ತು. ಮಾವ ತಮ್ಮ ಎರಡು ಕೈಗಳನ್ನು ಒಂದರೊಳಗೊಂದು ಹಿಡಿದು ಕೂತಿದ್ದರು. ಸಹಿ ಅವರದಾದರೂ ಹಣ ಅವಳದಾಗಿತ್ತು. ಅವರು ಏನೂ ಹೇಳಲಿಲ್ಲ. ಹೇಳದೆ ಇರುವುದಕ್ಕೆ ಅವರಿಗೆ ಬಹಳ ಕಷ್ಟವಾಗುತ್ತಿತ್ತೆಂಬುದು ಕಾಣುತ್ತಿತ್ತು.

ಬೆಳಿಗ್ಗೆ ದೀಪ ಹಚ್ಚುವಾಗ ಅವಳು ಮಾವನ ಮಣಿಕಟ್ಟು ಹಿಡಿದಳು. ಜ್ವಾಲೆ ನಿಂತ ಮೇಲೂ ಅವರು ಕೈ ಬಿಡಿಸಿಕೊಳ್ಳಲಿಲ್ಲ. ಅದೊಂದು ಗಳಿಗೆ ಯಾರ ಕೈ ಯಾರನ್ನು ಹಿಡಿದಿದೆ ಎನ್ನುವುದು ಅವಳಿಗೆ ತಿಳಿಯಲಿಲ್ಲ.

ಹನ್ನೊಂದರ ಹೊತ್ತಿಗೆ ಯಂತ್ರದಕ್ಕ ಅಂಗಡಿಗೆ ಬಂದಳು. ಫೋನಿನಲ್ಲಿ ಯಾರೊಂದಿಗೋ ಕೂಗಾಡುತ್ತಲೇ ಮೇಜಿನ ಹಿಂದೆ ಕೂತಳು. ಸೊಸೆ ಕಲ್ಲಿನ ಮುಂದಿನಿಂದ ಎದ್ದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡಳು. ಆ ಹಸಿರು ಹಿಡಿಯ ಚಾಕುವನ್ನು, ಚೀಟಿ ಕೀಳದೆ, ಮೇಜಿನ ಮೇಲಿಟ್ಟಳು. ಪಕ್ಕದಲ್ಲಿ ಸೊನ್ನೆ ದರದ ಐನೂರ ಅರವತ್ತು ಪೀಸುಗಳ ಪಟ್ಟಿ. ಅದರ ಮೇಲೆ ತನ್ನ ಖಾತೆಯ ಚೆಕ್ಕು, ಎರಡು ಲಕ್ಷದ್ದು.

ಯಂತ್ರದಕ್ಕ ಚೀಟಿ ನೋಡಿದಳು, ಹಿಡಿಯ ಬಣ್ಣ ನೋಡಿದಳು, ಪಟ್ಟಿಯ ಕೊನೆಯ ಸಾಲಿಗೆ ಬಂದಳು. ಫೋನಿನಲ್ಲಿ ಆ ಕಡೆಯವರು ಇನ್ನೂ ಮಾತಾಡುತ್ತಿದ್ದರು. ಅವಳು ಅದನ್ನು ಕಿವಿಯಿಂದ ಮೆಲ್ಲಗೆ ಇಳಿಸಿದಳು.

ಸೊಸೆ ಆಗಲೇ ತನ್ನ ಜಾಗಕ್ಕೆ ಹೋಗಿ, ಕಲ್ಲಿಗೆ ನೀರು ಚಿಮುಕಿಸುತ್ತಿದ್ದಳು.